ಟೀವಿ ಮಾರಲಿಕ್ಕೆ ಉಂಟು, ಅದು ಅಪ್‌ಡೇಟ್ ಕೇಳ್ತಾ ಉಂಟು. ಮಾಡುವುದಾ, ಬಿಡುವುದಾ?

ಮಣಿಪಾಲ_ಬಾಡಿಗೆಮನೆ · ಗುರುವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಮಣಿಪಾಲ ಬಿಟ್ಟು ಬೆಂಗಳೂರಿಗೆ ಹೋಗುತ್ತಿದ್ದೇನೆ. 43 ಇಂಚಿನ ಆಂಡ್ರಾಯ್ಡ್ ಟೀವಿ ಒಂದುಂಟು, 2020ರಲ್ಲಿ ತೆಗೆದುಕೊಂಡದ್ದು. ಬ್ರಹ್ಮಾವರದ ಒಬ್ಬರ ಹತ್ತಿರ ₹9,000ಕ್ಕೆ ಮಾತಾಗಿದೆ. ಭಾನುವಾರ ಬೆಳಿಗ್ಗೆ ಓಮ್ನಿ ತೆಗೆದುಕೊಂಡು ಬರುತ್ತಾರೆ.

ಈಗ ನಾಲ್ಕು ದಿನದಿಂದ ಟೀವಿ ಹಾಕಿದಾಗಲೆಲ್ಲ ಹೊಸ ಸಾಫ್ಟ್‌ವೇರ್ ಬಂದಿದೆ ಅಂತ ತೋರಿಸುತ್ತಿದೆ. ಅಪ್‌ಡೇಟ್ ಮಾಡಿ ಕೊಟ್ಟರೆ ತೆಗೆದುಕೊಳ್ಳುವವರಿಗೆ ಒಳ್ಳೆಯದಲ್ವಾ ಅಂತ ನನ್ನ ಲೆಕ್ಕ. ಮೊದಲು ಅಪ್‌ಡೇಟ್ ಮಾಡಿ ಆಮೇಲೆ ರಿಸೆಟ್ ಮಾಡಬೇಕಾ, ಮೊದಲು ರಿಸೆಟ್ಟಾ? ಇಲ್ಲಿ ಮಳೆ ಬಿಡದೆ ಸುರಿಯುತ್ತಿದೆ, ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ.

ಕಾಪು_ದೀಪಸ್ತಂಭ · ರಾತ್ರಿ 9:41

ಧೈರ್ಯವಾಗಿ ಅಪ್‌ಡೇಟ್ ಮಾಡಿ ಮಾರಾಯ್ರೆ. ಸರಿ ಆಗದಿದ್ದರೆ ರಿಸೆಟ್ ಹೊಡೆದರಾಯ್ತು, ಅಂಗಡಿಯಿಂದ ತಂದಾಗ ಇದ್ದ ಹಳೆ ವರ್ಷನ್ ವಾಪಸ್ ಬರುತ್ತದೆ. ಫ್ಯಾಕ್ಟರಿ ರಿಸೆಟ್ ಅಂದರೆ ಅದೇ ತಾನೇ?

ಕಂಕನಾಡಿ_ಬೋರ್ಡ್‌ರಿಪೇರಿ · ರಾತ್ರಿ 10:05

ಅಲ್ಲ. ಇದೊಂದು ತಪ್ಪು ನಂಬಿಕೆಯಿಂದಲೇ ನನ್ನ ಬೆಂಚಿಗೆ ಎಷ್ಟೋ ಟೀವಿ ಬಂದಿವೆ.

ಟೀವಿಯ ಮೆಮೊರಿ ಚಿಪ್ಪಿನಲ್ಲಿ ಬೇರೆ ಬೇರೆ ಭಾಗಗಳಿವೆ. ಒಂದರಲ್ಲಿ ಕಂಪನಿ ಕೊಟ್ಟ ಸಿಸ್ಟಮ್. ಇನ್ನೊಂದರಲ್ಲಿ ನಿಮ್ಮ ಸಾಮಾನು: ನೀವು ಹಾಕಿದ ಆಪ್, ಅಕೌಂಟ್, ವೈಫೈ ಪಾಸ್‌ವರ್ಡ್, ಚಾನೆಲ್ ಪಟ್ಟಿ, ಚಿತ್ರದ ಸೆಟ್ಟಿಂಗ್. ರಿಸೆಟ್ ಗುಡಿಸುವುದು ಎರಡನೆಯದನ್ನು ಮಾತ್ರ. ಅಪ್‌ಡೇಟ್ ಬದಲಾಯಿಸುವುದು ಮೊದಲನೆಯದನ್ನು. ಹೊಸ ಸಿಸ್ಟಮ್ ಒಮ್ಮೆ ಕೂತ ಮೇಲೆ ನೂರು ಸಲ ರಿಸೆಟ್ ಮಾಡಿದರೂ ಅದೇ ಹೊಸದು ಇರುತ್ತದೆ. ಹಳೆಯದಕ್ಕೆ ಇಳಿಯಲಿಕ್ಕೆ ಹೆಚ್ಚಿನ ಟೀವಿಗಳು ಬಿಡುವುದೂ ಇಲ್ಲ. ಹಳೆ ಫೈಲ್ ಪೆನ್‌ಡ್ರೈವಲ್ಲಿ ಕೊಟ್ಟರೂ ಬೇಡ ಅನ್ನುತ್ತವೆ.

ಹಾಗಾಗಿ ಅಪ್‌ಡೇಟ್ ಅನ್ನುವುದು ಒಂದೇ ದಿಕ್ಕಿನ ರಸ್ತೆ. ಮಣಿಪಾಲದವರೇ, ಮೊದಲು ಮೂರು ವಿಷಯ ನೋಡಿ ಹೇಳಿ. ಈಗ ಯಾವ ಆಂಡ್ರಾಯ್ಡ್ ಉಂಟು, ಅಪ್‌ಡೇಟ್ ಎಷ್ಟು ದೊಡ್ಡದು, ಟೀವಿಯಲ್ಲಿ ಎಷ್ಟು ಜಾಗ ಖಾಲಿ ಉಂಟು.

ಕಾಪು_ದೀಪಸ್ತಂಭ · ರಾತ್ರಿ 10:12

ಸರ್, ನಾನು ಸುಮ್ನೆ ಹೇಳಿದ್ದಲ್ಲ. ಕಳೆದ ವರ್ಷ ನಮ್ಮ ಮನೆಯ ಟೀವಿ ರಿಸೆಟ್ ಮಾಡಿದಾಗ ಯೂಟ್ಯೂಬ್ ಹಳೆ ಕಾಲದ ಹಾಗೆ ಬಂತು. ಬಣ್ಣ, ಬಟನ್ ಎಲ್ಲ ತಂದ ಮೊದಲ ದಿನದ ಹಾಗೆ. ಕಣ್ಣಾರೆ ನೋಡಿದ್ದೇನೆ.

ಕಂಕನಾಡಿ_ಬೋರ್ಡ್‌ರಿಪೇರಿ · ರಾತ್ರಿ 10:30

ನೀವು ನೋಡಿದ್ದು ಸರಿ, ಅರ್ಥ ಮಾಡಿಕೊಂಡದ್ದು ಬೇರೆ.

ಯೂಟ್ಯೂಬ್ ಸಿಸ್ಟಮ್ ಜೊತೆಯಲ್ಲೇ ಬರುವ ಆಪ್. ಅದರ ಒಂದು ಪ್ರತಿ ಸಿಸ್ಟಮ್ ಭಾಗದಲ್ಲಿ ಕೂತಿರುತ್ತದೆ. ಆಮೇಲೆ ಪ್ಲೇ ಸ್ಟೋರಿನಿಂದ ಬರುವ ಹೊಸ ಯೂಟ್ಯೂಬ್ ನಿಮ್ಮ ಭಾಗದಲ್ಲಿ ಕೂರುತ್ತದೆ. ರಿಸೆಟ್ ಮಾಡಿದಾಗ ನಿಮ್ಮ ಭಾಗ ಅಳಿಸಿಹೋಯಿತು, ಅಡಿಯಲ್ಲಿದ್ದ ಹಳೆ ಪ್ರತಿ ಮೇಲೆ ಬಂತು. ಹಿಂದಕ್ಕೆ ಹೋದದ್ದು ಆಪ್, ಟೀವಿಯ ಸಿಸ್ಟಮ್ ಅಲ್ಲ. ನಂಬಿಕೆ ಬಾರದಿದ್ದರೆ ಮುಂದಿನ ಸಲ ರಿಸೆಟ್‌ಗೆ ಮೊದಲು `About` ಒಳಗೆ ಇರುವ `Build` ಸಾಲಿನ ಫೋಟೋ ತೆಗೆದಿಡಿ. ಆಮೇಲೆ ತಾಳೆ ನೋಡಿ.

ಕಾರ್ಕಳ_ನಿವೃತ್ತಮಾಷ್ಟ್ರು · ಶುಕ್ರವಾರ, ಬೆಳಿಗ್ಗೆ 6:15

ನಮ್ಮಲ್ಲಿಯೂ ಇದೇ ಸಮಸ್ಯೆ. ಮಳೆ ಜೋರಾದ ಕೂಡಲೇ ಟೀವಿಯಲ್ಲಿ ಸಿಗ್ನಲ್ ಇಲ್ಲ ಅಂತ ಬರುತ್ತದೆ. ಮೊನ್ನೆ ಹುಡುಗ ಬಂದು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಹೋದ. ಆದರೂ ಹಾಗೆಯೇ. ಯಾವ ಅಪ್‌ಡೇಟ್ ಹಾಕಿದರೆ ಮಳೆಯಲ್ಲಿ ಧಾರಾವಾಹಿ ನಿಲ್ಲುವುದಿಲ್ಲ?

ಬಿಜೈ_ಎರಡನೇಮಹಡಿ · ಬೆಳಿಗ್ಗೆ 8:02

ಮಾಷ್ಟ್ರೇ, ಆ ಹುಡುಗ ಮಾಡಿದ್ದು ಸೆಟ್ ಟಾಪ್ ಬಾಕ್ಸಿನ ಅಪ್‌ಡೇಟ್ ಇರಬೇಕು, ಟೀವಿಯದ್ದಲ್ಲ. ಎರಡೂ ಬೇರೆ ಬೇರೆ. ಡಿಶ್ ಮತ್ತು ಆಕಾಶದ ನಡುವೆ ದಪ್ಪ ಮಳೆ ಬಂದರೆ ಸಿಗ್ನಲ್ ಕಡಿಮೆಯಾಗುತ್ತದೆ, ಅದಕ್ಕೆ ಅಪ್‌ಡೇಟಲ್ಲಿ ಮದ್ದಿಲ್ಲ. ಸಣ್ಣ ಮಳೆಗೂ ಹೋಗುತ್ತದೆ ಅಂತಾದರೆ ಡಿಶ್ ತಿರುಗಿದೆಯಾ, ವಯರಿನ ಜಾಯಿಂಟಿಗೆ ನೀರು ಹೋಗಿದೆಯಾ ನೋಡಿಸಿ.

ಮಣಿಪಾಲ_ಬಾಡಿಗೆಮನೆ · ಬೆಳಿಗ್ಗೆ 8:40

ನೋಡಿದೆ ಸರ್. ಆಂಡ್ರಾಯ್ಡ್ 9. ಟೀವಿಯಲ್ಲಿ ಒಟ್ಟು 8 ಜಿಬಿ ಅಂತ ಡಬ್ಬದ ಮೇಲೆ ಬರೆದದ್ದು, ಖಾಲಿ ಇರುವುದು 640 ಎಂಬಿ. ಅಪ್‌ಡೇಟ್ 1.1 ಜಿಬಿ. ಏನು ಬದಲಾವಣೆ ಅಂತ ಕೇಳಿದರೆ ಸ್ಥಿರತೆ ಹೆಚ್ಚಿಸಲಾಗಿದೆ ಅಂತ ಒಂದೇ ಸಾಲು. ನಿನ್ನೆ ರಾತ್ರಿ ಕುತೂಹಲಕ್ಕೆ ಒತ್ತಿ ನೋಡಿದೆ, ಜಾಗ ಸಾಲುವುದಿಲ್ಲ ಅಂತ ಬಂತು.

ಇನ್ನೊಂದು ವಿಷಯ. ಇದೇ ಮಾಡೆಲ್ಲಿನ ಫೈಲ್ ಒಂದು ವೆಬ್‌ಸೈಟಲ್ಲಿ ಸಿಕ್ಕಿತು. ಕಂಪನಿಯ ಸೈಟ್ ಅಲ್ಲ. ಪೆನ್‌ಡ್ರೈವಲ್ಲಿ ಹಾಕಿ ಮಾಡಬಹುದಾ?

ಕಂಕನಾಡಿ_ಬೋರ್ಡ್‌ರಿಪೇರಿ · ಬೆಳಿಗ್ಗೆ 9:10

ದಯವಿಟ್ಟು ಬೇಡ. ಇದಕ್ಕೆ ಒಂದು ಕಥೆ ಹೇಳಲೇಬೇಕು.

ಎರಡು ವರ್ಷದ ಹಿಂದೆ ಸುರತ್ಕಲ್ಲಿನ ಒಬ್ಬ ಹುಡುಗ 32 ಇಂಚಿನ ಟೀವಿ ತಂದ. ಚಿತ್ರ ತಲೆಕೆಳಗೆ. ಆನೆಗುಡ್ಡೆ ಗಣಪತಿಯ ಫೋಟೋ ಹಾಕಿದರೂ ಶೀರ್ಷಾಸನ. ಆದದ್ದು ಏನೆಂದರೆ, ಅವನು ಇಂಟರ್‌ನೆಟ್ಟಲ್ಲಿ ಸಿಕ್ಕಿದ ಫೈಲ್ ಹಾಕಿದ್ದ. ಮಾಡೆಲ್ ನಂಬರ್ ಅದೇ. ಆದರೆ ಒಂದೇ ಮಾಡೆಲ್ಲಿಗೆ ಕಂಪನಿ ಬೇರೆ ಬೇರೆ ಸಮಯದಲ್ಲಿ ಬೇರೆ ಬೇರೆ ಕಡೆಯ ಪ್ಯಾನೆಲ್ ಹಾಕಿರುತ್ತದೆ. ಒಂದು ಪ್ಯಾನೆಲನ್ನು ನೇರ ಕೂರಿಸಿರುತ್ತಾರೆ, ಇನ್ನೊಂದನ್ನು ಉಲ್ಟಾ. ಯಾವ ಪ್ಯಾನೆಲ್, ಹೇಗೆ ಕೂತಿದೆ ಅನ್ನುವುದು ಆ ಫೈಲಿನೊಳಗೇ ಬರೆದಿರುತ್ತದೆ. ತಪ್ಪು ಫೈಲ್ ಹೋದರೆ ಚಿತ್ರ ತಲೆಕೆಳಗಾಗಬಹುದು, ಬಣ್ಣ ನೆಗೆಟಿವ್ ಹಾಗೆ ಕಾಣಬಹುದು, ಪರದೆ ಎರಡು ಹೋಳಾಗಬಹುದು. ಕೆಲವೊಮ್ಮೆ ಟೀವಿ ಏಳುವುದೇ ಇಲ್ಲ.

ಅವನದ್ದು ಸರಿಯಾಯಿತು. ಹಿಂದಿನ ಮುಚ್ಚಳ ತೆಗೆದು, ಪ್ಯಾನೆಲ್ ಮೇಲಿನ ಸ್ಟಿಕ್ಕರ್ ಓದಿ, ಅದಕ್ಕೆ ಹೊಂದುವ ಫೈಲ್ ಹುಡುಕಲಿಕ್ಕೆ ನನಗೆ ಮೂರು ದಿನ ಬೇಕಾಯಿತು. ನಿಮಗೆ ಭಾನುವಾರದ ಒಳಗೆ ಅಷ್ಟು ಸಮಯ ಇಲ್ಲ.

ಕಂಪನಿಯ ಸೈಟಿನಲ್ಲೇ ನಿಮ್ಮ ಪೂರ್ತಿ ಮಾಡೆಲ್ ನಂಬರಿಗೆ ಫೈಲ್ ಕೊಟ್ಟಿದ್ದರೆ ಬೇರೆ ಮಾತು. ಪೂರ್ತಿ ಅಂದರೆ ಹಿಂದಿನ ಸ್ಟಿಕ್ಕರಿನಲ್ಲಿ ಕೊನೆಗೆ ಇರುವ ಅಕ್ಷರಗಳೂ ಸೇರಿ. ಪೆನ್‌ಡ್ರೈವ್ ಸಾಮಾನ್ಯವಾಗಿ `FAT32`ನಲ್ಲೇ ಇರಬೇಕು. ಫೈಲನ್ನು ಎಲ್ಲಿ ಹಾಕಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಎಲ್‌ಜಿ ಆದರೆ `LG_DTV` ಅನ್ನುವ ಫೋಲ್ಡರ್ ಮಾಡಿ ಅದರೊಳಗೆ. ಸ್ಯಾಮ್‌ಸಂಗ್ ಆದರೆ ಜಿಪ್ ಬಿಚ್ಚಿ ಫೋಲ್ಡರ್ ಇಲ್ಲದೆ ಹೊರಗೇ. ತುಂಬ ಜನ ಜಿಪ್ ಬಿಚ್ಚದೆ ಹಾಗೆಯೇ ಹಾಕುತ್ತಾರೆ, ಆಮೇಲೆ ಟೀವಿ ಫೈಲ್ ಓದುವುದಿಲ್ಲ ಅಂತ ಫೋನ್ ಮಾಡುತ್ತಾರೆ.

ಮಲ್ಪೆ_ಬಂಗುಡೆ · ಬೆಳಿಗ್ಗೆ 11:25

ಅಪ್‌ಡೇಟ್ ಹೆಸರೆತ್ತಿದರೆ ನನಗೆ ಕೋಪ ಬರುತ್ತದೆ. ಹೋದ ಚೌತಿಯ ಸಮಯದಲ್ಲಿ ರಾತ್ರಿ ಅಪ್‌ಡೇಟ್ ಆಯಿತು, ಮರುದಿನ ಸಂಜೆ ಪರದೆ ಕಪ್ಪು. ಶಬ್ದ ಬರುತ್ತದೆ, ಚಿತ್ರ ಇಲ್ಲ. ಅಪ್‌ಡೇಟ್ ನನ್ನ ಟೀವಿಯನ್ನು ಕೊಂದಿತು ಅಂತ ಕಂಪನಿಗೆ ಉದ್ದದ ಮೇಲ್ ಬರೆದೆ. ಉತ್ತರ ಇಲ್ಲ. ಈಗಲೂ ಮೂಲೆಯಲ್ಲಿ ಬಿದ್ದಿದೆ.

ಕಂಕನಾಡಿ_ಬೋರ್ಡ್‌ರಿಪೇರಿ · ಮಧ್ಯಾಹ್ನ 1:15

ಅಣ್ಣ, ಇವತ್ತು ರಾತ್ರಿ ಒಂದು ಪರೀಕ್ಷೆ ಮಾಡಿ. ಕೋಣೆಯ ಲೈಟ್ ಆಫ್ ಮಾಡಿ, ಟೀವಿ ಹಾಕಿ, ಶಬ್ದ ಬರುವಾಗ ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ಓರೆಯಾಗಿ ನೋಡಿ. ಮಸುಕಾಗಿ ಚಿತ್ರ ಓಡಾಡುವುದು ಕಂಡರೆ ಸಿಸ್ಟಮ್ ಸರಿ ಉಂಟು, ಹೋದದ್ದು ಹಿಂದಿನ ಬ್ಯಾಕ್‌ಲೈಟ್. ಎಲ್‌ಇಡಿ ಪಟ್ಟಿ ಅಥವಾ ಅದಕ್ಕೆ ಕರೆಂಟ್ ಕೊಡುವ ಭಾಗ. ಅಪ್‌ಡೇಟ್‌ಗೂ ಅದಕ್ಕೂ ಸಂಬಂಧ ಇಲ್ಲ, ಒಂದೇ ವಾರ ಬಂತು ಅಷ್ಟೆ.

ಅಪ್‌ಡೇಟಲ್ಲಿ ಕೆಟ್ಟ ಟೀವಿಯ ಲಕ್ಷಣ ಬೇರೆ. ಕಂಪನಿಯ ಲೋಗೋ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಇಲ್ಲವೇ ಲೋಗೋದಲ್ಲೇ ಗಂಟೆಗಟ್ಟಲೆ ನಿಂತಿರುತ್ತದೆ. ಇಲ್ಲವೇ ಕೆಂಪು ದೀಪ ಮಾತ್ರ ಮಿಣುಕುತ್ತದೆ, ಶಬ್ದವೂ ಇಲ್ಲ, ಚಿತ್ರವೂ ಇಲ್ಲ.

ಮಲ್ಪೆ_ಬಂಗುಡೆ · ರಾತ್ರಿ 8:50

ಟಾರ್ಚ್ ಹಿಡಿದೆ. ವಾರ್ತೆ ಓದುವವರ ಮುಖ ಮಸುಕಾಗಿ ಕಾಣುತ್ತದೆ ಮಾರಾಯ್ರೆ! ಹತ್ತು ತಿಂಗಳು ಸುಮ್ನೆ ಬೈದೆ.

ಮಣಿಪಾಲ_ಬಾಡಿಗೆಮನೆ · ರಾತ್ರಿ 9:05

ನನಗೆ ಮುಖ್ಯ ಹೆದರಿಕೆ ಕರೆಂಟಿನದ್ದು. ನಡುವೆ ಹೋದರೆ ಎಂತ ಆಗುತ್ತದೆ? ಮನೆಯಲ್ಲಿ ಇನ್ವರ್ಟರ್ ಉಂಟು.

ಕಂಕನಾಡಿ_ಬೋರ್ಡ್‌ರಿಪೇರಿ · ರಾತ್ರಿ 9:45

ಎರಡು ಹಂತ ಉಂಟು. ಡೌನ್‌ಲೋಡ್ ಆಗುವಾಗ ಕರೆಂಟ್ ಹೋದರೆ ಏನೂ ತೊಂದರೆ ಇಲ್ಲ. ಮತ್ತೆ ಡೌನ್‌ಲೋಡ್ ಆಗುತ್ತದೆ, ಡೇಟಾ ನಷ್ಟ ಅಷ್ಟೆ. ಅಪಾಯ ಇರುವುದು ಬರೆಯುವ ಹಂತದಲ್ಲಿ.

ಅದರಲ್ಲೂ ಎರಡು ಬಗೆಯ ಟೀವಿಗಳಿವೆ. ಕೆಲವದರಲ್ಲಿ ಸಿಸ್ಟಮಿಗೆ ಎರಡು ಜಾಗ ಇರುತ್ತದೆ. ನೀವು ಸಿನಿಮಾ ನೋಡುತ್ತಿರುವಾಗಲೇ ಖಾಲಿ ಇರುವ ಜಾಗಕ್ಕೆ ಹೊಸದನ್ನು ಬರೆಯುತ್ತದೆ. ಕೊನೆಗೆ ಒಮ್ಮೆ ರಿಸ್ಟಾರ್ಟ್ ಕೇಳುತ್ತದೆ, ಮಾಮೂಲಿನಂತೆ ಎದ್ದು ಬರುತ್ತದೆ. ಹೊಸದು ಏಳದಿದ್ದರೆ ಹಳೆಯದಕ್ಕೇ ವಾಪಸ್ ಹೋಗುತ್ತದೆ. ಆಂಡ್ರಾಯ್ಡ್ 7ರಿಂದ ಈ ಅನುಕೂಲ ಉಂಟು, ಆದರೆ ಎಲ್ಲ ಟೀವಿ ಕಂಪನಿಗಳು ಅದನ್ನು ಬಳಸಲಿಲ್ಲ. ಎರಡು ಪ್ರತಿಗೆ ಜಾಗ ಬೇಕಲ್ಲ, 8 ಜಿಬಿ ಚಿಪ್ಪಿನಲ್ಲಿ ಎಲ್ಲಿಂದ ತರುವುದು?

ಇನ್ನೊಂದು ಬಗೆಯಲ್ಲಿ ಟೀವಿ ಮೊದಲು ರಿಸ್ಟಾರ್ಟ್ ಆಗುತ್ತದೆ, ಕಪ್ಪು ಪರದೆಯಲ್ಲಿ ರೋಬೋಟ್ ಚಿತ್ರ ಅಥವಾ ಒಂದು ಗೆರೆ ನಿಧಾನಕ್ಕೆ ತುಂಬುತ್ತಾ ಹೋಗುತ್ತದೆ. ಇರುವ ಸಿಸ್ಟಮಿನ ಮೇಲೆಯೇ ಬರೆಯುವ ಕೆಲಸ ಅದು. ಆ ಹತ್ತು ಹದಿನೈದು ನಿಮಿಷದಲ್ಲಿ ಕರೆಂಟ್ ಹೋದರೆ ನಿಮ್ಮ ಅದೃಷ್ಟ. ಕೆಲವು ಮತ್ತೆ ಅಲ್ಲಿಂದಲೇ ಮುಂದುವರಿಯುತ್ತವೆ, ಕೆಲವು ಲೋಗೋದಲ್ಲಿ ನಿಲ್ಲುತ್ತವೆ. ಹಿಂದಿನ ಸಲದ ಅಪ್‌ಡೇಟ್ ಹೇಗೆ ಆಗಿತ್ತು ಅಂತ ನೆನಪು ಮಾಡಿಕೊಳ್ಳಿ, ನಿಮ್ಮದು ಯಾವ ಬಗೆ ಅಂತ ಗೊತ್ತಾಗುತ್ತದೆ.

ಇನ್ವರ್ಟರ್ ಇದ್ದರೆ ಒಳ್ಳೆಯದು, ಆದರೆ ಅದರ ಹಿಂದೆ ಒಂದು ಸ್ವಿಚ್ ಇರುತ್ತದೆ. ಯುಪಿಎಸ್ ಮೋಡಿನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣದಲ್ಲಿ ಫ್ಯಾನ್ ತಿರುಗುತ್ತಲೇ ಇರುತ್ತದೆ, ಟೀವಿ ಮಾತ್ರ ಆಫ್ ಆಗಿ ಆನ್ ಆಗಬಹುದು. ಗುಡುಗು ಇದ್ದರೆ ಇದು ಯಾವುದೂ ಬೇಡ, ಪ್ಲಗ್ಗೇ ತೆಗೆಯಿರಿ. ಕೇಬಲ್ ವಯರನ್ನೂ.

ನನ್ನ ಸಲಹೆ ಕೇಳಿದರೆ, ಈ ಅಪ್‌ಡೇಟ್ ಬಿಟ್ಟುಬಿಡಿ. ಟೀವಿ ಸರಿ ಓಡುತ್ತಿದೆ, ವಾರಂಟಿ ಮುಗಿದಿದೆ, ಜಾಗ ಇಲ್ಲ, ಮಳೆಗಾಲ, ಮಾರುವುದು ಎರಡು ದಿನದಲ್ಲಿ. ಸಿಕ್ಕುವ ಲಾಭ ಒಂದು ಸಾಲಿನ ಸ್ಥಿರತೆ.

ಬಿಜೈ_ಎರಡನೇಮಹಡಿ · ರಾತ್ರಿ 10:20

ನಾನು ಪೂರ್ತಿ ಒಪ್ಪುವುದಿಲ್ಲ. ಆ ಒಂದು ಸಾಲಿನ ಒಳಗೆ ಭದ್ರತೆಯ ತೇಪೆಗಳೂ ಇರಬಹುದು, ಕಂಪನಿಗಳು ಎಲ್ಲವನ್ನೂ ಬಿಡಿಸಿ ಬರೆಯುವುದಿಲ್ಲ. ನಮ್ಮ ಟೀವಿಯಲ್ಲಿ ಸೌಂಡ್‌ಬಾರಿನ ಶಬ್ದ ಪ್ರತಿ ಅರ್ಧ ಗಂಟೆಗೆ ಕಡಿದುಹೋಗುತ್ತಿತ್ತು. ಎರಡು ಎಚ್‌ಡಿಎಂಐ ಕೇಬಲ್ ಬದಲಾಯಿಸಿದೆವು, ಪ್ರಯೋಜನ ಇಲ್ಲ. ಸರಿಯಾದದ್ದು ಅಪ್‌ಡೇಟಿನಿಂದಲೇ. ಬಿಟ್ಟಿದ್ದರೆ ಈಗಲೂ ಹಾಗೇ ಇರುತ್ತಿತ್ತು.

ಜಾಗ ಇಲ್ಲ ಅನ್ನುವುದಕ್ಕೆ ದಾರಿ ಉಂಟು. ಮೊದಲು ರಿಸೆಟ್ ಮಾಡಿ, ಜಾಗ ಖಾಲಿಯಾಗುತ್ತದೆ. ವೈಫೈ ಮಾತ್ರ ಕೊಟ್ಟು, ಗೂಗಲ್ ಅಕೌಂಟ್ ಹಾಕದೆ ಮುಂದೆ ಹೋಗಿ ಅಪ್‌ಡೇಟ್ ಮಾಡಿ. ಆಮೇಲೆ ವೈಫೈ ಪಾಸ್‌ವರ್ಡ್ ಹೋಗಲಿಕ್ಕೆ ಇನ್ನೊಮ್ಮೆ ರಿಸೆಟ್.

ಕಂಕನಾಡಿ_ಬೋರ್ಡ್‌ರಿಪೇರಿ · ರಾತ್ರಿ 10:34

ಅಕ್ಕ ಹೇಳಿದ ಕ್ರಮ ಸರಿ ಉಂಟು. ತಾನೇ ಇಟ್ಟುಕೊಳ್ಳುವ ಟೀವಿಗೆ ನಾನೂ ಅದನ್ನೇ ಹೇಳುತ್ತೇನೆ, ಬಂದು ಎರಡು ವಾರ ಬಿಟ್ಟು, ಬೇರೆಯವರದ್ದು ಕೆಡಲಿಲ್ಲ ಅಂತ ನೋಡಿಕೊಂಡು. ಆದರೆ ನಾಡಿದ್ದು ಹಣ ಎಣಿಸುವ ಟೀವಿಗೆ? ನಾನಾದರೆ ಮಾಡುವುದಿಲ್ಲ. ಅಪ್‌ಡೇಟ್ ಬಾಕಿ ಉಂಟು ಅಂತ ತೆಗೆದುಕೊಳ್ಳುವವರಿಗೆ ಹೇಳಿಬಿಟ್ಟರಾಯ್ತು.

ಬಿಜೈ_ಎರಡನೇಮಹಡಿ · ರಾತ್ರಿ 10:41

ಹೇಳುವವರು ಎಷ್ಟು ಜನ? ಇರಲಿ. ಮಣಿಪಾಲದವರೇ, ರಿಸೆಟ್‌ಗೆ ಮೊದಲು ಒಂದು ಕೆಲಸ ಮರೆಯಬೇಡಿ. ನೆಟ್‌ಫ್ಲಿಕ್ಸ್, ಪ್ರೈಮ್ ಎಲ್ಲದರಿಂದಲೂ ಟೀವಿಯಲ್ಲೇ ಸೈನ್ ಔಟ್ ಆಗಿ. ರಿಸೆಟ್ ಟೀವಿಯೊಳಗಿನದ್ದನ್ನು ಅಳಿಸುತ್ತದೆ, ಆದರೆ ಅವರ ಕಡೆಯ ಪಟ್ಟಿಯಲ್ಲಿ ನಿಮ್ಮ ಟೀವಿಯ ಹೆಸರು ಹಾಗೆಯೇ ಉಳಿಯಬಹುದು. ಗೂಗಲ್‌ನದ್ದನ್ನು ಮೊಬೈಲಿನಿಂದ ಇಲ್ಲಿ ನೋಡಿ ತೆಗೆಯಬಹುದು:

```
myaccount.google.com/device-activity
```

ಮಣಿಪಾಲ_ಬಾಡಿಗೆಮನೆ · ಶನಿವಾರ, ಬೆಳಿಗ್ಗೆ 7:50

ಸರಿ, ಅಪ್‌ಡೇಟ್ ಬಿಟ್ಟೆ. ರಿಸೆಟ್ ಇವತ್ತೇ ಮಾಡಿಡಲಾ?

ಕಂಕನಾಡಿ_ಬೋರ್ಡ್‌ರಿಪೇರಿ · ಬೆಳಿಗ್ಗೆ 8:30

ಇವತ್ತು ಬೇಡ. ನಾಳೆ ಅವರು ಬಂದು ಯೂಟ್ಯೂಬ್ ಓಡಿಸಿ ನೋಡಬೇಕು ಅನ್ನುತ್ತಾರೆ. ರಿಸೆಟ್ ಆಗಿದ್ದರೆ ನೀವು ಮತ್ತೆ ವೈಫೈ, ಅಕೌಂಟ್ ಹಾಕುತ್ತೀರಿ, ಎಲ್ಲ ಮೊದಲಿನಿಂದ. ಅವರೆದುರು ಎಲ್ಲ ಓಡಿಸಿ ತೋರಿಸಿ, ಹಣ ಕೈಗೆ ಬಂದ ಮೇಲೆ ಅವರೆದುರೇ ರಿಸೆಟ್ ಮಾಡಿ.

ನಿಮ್ಮ ಆಂಡ್ರಾಯ್ಡ್ 9ರಲ್ಲಿ ಹೀಗೆ ಇರುತ್ತದೆ:

```
Settings > Device Preferences > Reset
Factory reset > Erase everything
```

ಹೊಸ ಟೀವಿಗಳಲ್ಲಿ ಇದೇ ಸಂಗತಿ `System` ಒಳಗಿನ `About`ನಲ್ಲಿ ಇರುತ್ತದೆ. ಪೆನ್‌ಡ್ರೈವ್ ಇದ್ದರೆ ಮೊದಲೇ ತೆಗೆಯಿರಿ. ಹತ್ತು ನಿಮಿಷ ಹಿಡಿಯಬಹುದು, ನಡುವೆ ಸ್ವಿಚ್ ಮುಟ್ಟಬೇಡಿ. ಭಾಷೆ ಕೇಳುವ ಪರದೆ ಬಂದಾಗ ಅಲ್ಲೇ ನಿಲ್ಲಿಸಿ ಪ್ಲಗ್ ತೆಗೆಯಿರಿ. ಮುಂದಿನದ್ದು ಅವರ ಮನೆಯಲ್ಲಿ.

ರಿಸೆಟ್ ಆದ ಮೇಲೆ ರಿಮೋಟಿನ ಮೈಕ್ ಬಟನ್ ಕೆಲಸ ಮಾಡುವುದಿಲ್ಲ. ರಿಮೋಟ್ ಕೆಟ್ಟಿತು ಅಂತ ಗಾಬರಿ ಬೇಡ. ಬ್ಲೂಟೂತ್ ಜೋಡಣೆಯೂ ಅಳಿಸಿರುತ್ತದೆ, ಮತ್ತೆ ಜೋಡಿಸಬೇಕು. ಯಾವ ಎರಡು ಬಟನ್ ಒಟ್ಟಿಗೆ ಒತ್ತಬೇಕು ಅಂತ ಪರದೆಯೇ ತೋರಿಸುತ್ತದೆ.

ಮಣಿಪಾಲ_ಬಾಡಿಗೆಮನೆ · ಭಾನುವಾರ, ಸಂಜೆ 6:30

ಟೀವಿ ಹೋಯಿತು. ಅವರ ಮಗ ಎಲ್ಲ ಎಚ್‌ಡಿಎಂಐ ಕಿಂಡಿಗೂ ಲ್ಯಾಪ್‌ಟಾಪ್ ಹಾಕಿ ನೋಡಿದ, ಹುಷಾರಿ ಹುಡುಗ. ರಿಸೆಟ್ ಆರು ನಿಮಿಷಕ್ಕೆ ಮುಗಿಯಿತು. ಅಪ್‌ಡೇಟ್ ಬಾಕಿ ಉಂಟು ಅಂತ ಹೇಳಿದ್ದಕ್ಕೆ ₹300 ಕಡಿಮೆ ಮಾಡಿಸಿದರು!

ಮಧ್ಯಾಹ್ನ ಫೋನ್ ಬಂತು. ರಿಮೋಟಿನ ಹೋಮ್ ಬಟನ್ನೇ ಓಡುವುದಿಲ್ಲ, ಪವರ್ ಮಾತ್ರ ಆಗುತ್ತದೆ ಅಂತ. ನೀವು ಹೇಳಿದ್ದು ನೆನಪಾಯಿತು, ಸೆಲ್ ತೆಗೆದು ಹಾಕಿ ಮತ್ತೆ ಜೋಡಿಸಿ ಅಂದೆ, ಸರಿಯಾಯಿತು. ಆದರೆ ಅವರಲ್ಲಿ ವೈಫೈ ಇಲ್ಲ, ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟಿದ್ದಾರೆ. ದಿನದ 1.5 ಜಿಬಿ ಅರ್ಧ ಗಂಟೆಯಲ್ಲಿ ಖಾಲಿಯಂತೆ. ಟೀವಿ ತಾನೇ ಅಪ್‌ಡೇಟ್ ಎಳೆದುಕೊಂಡಿತಾ?

ಕಂಕನಾಡಿ_ಬೋರ್ಡ್‌ರಿಪೇರಿ · ಸಂಜೆ 7:02

ಅದೂ ಇರಬಹುದು, ಪ್ಲೇ ಸ್ಟೋರ್ ಹಳೆ ಆಪ್‌ಗಳನ್ನೆಲ್ಲ ಒಟ್ಟಿಗೆ ಹೊಸದು ಮಾಡುತ್ತಿರಲೂಬಹುದು. ರಿಸೆಟ್ ಆದ ಮೊದಲ ದಿನ ಎರಡೂ ಡೇಟಾ ತಿನ್ನುತ್ತವೆ. ಪ್ಲೇ ಸ್ಟೋರಿನ ಸೆಟ್ಟಿಂಗಿನಲ್ಲಿ `Auto-update apps` ಆಫ್ ಮಾಡಲಿಕ್ಕೆ ಹೇಳಿ. ಸಿಸ್ಟಮಿನದ್ದು ಡೌನ್‌ಲೋಡ್ ಆಗಿದೆಯಾ ಅಂತ `About` ಒಳಗಿನ `System update` ತೆರೆದರೆ ಕಾಣುತ್ತದೆ. ಆಗಿದ್ದರೆ ಬರೆಯುವ ಬಟನ್ ಮಳೆ ನಿಂತ ದಿನ ಒತ್ತಲಿ.

ಕಾರ್ಕಳ_ನಿವೃತ್ತಮಾಷ್ಟ್ರು · ಸಂಜೆ 7:40

ಡಿಶ್ಶಿನ ವಯರ್ ಜಾಯಿಂಟಿನಲ್ಲಿ ನೀರು ಇತ್ತು. ಬಿಜೈಯವರಿಗೆ ಧನ್ಯವಾದ. ಆದರೂ ಜೋರು ಮಳೆಗೆ ಹೋಗುತ್ತದೆ.

ಕಾಪು_ದೀಪಸ್ತಂಭ · ರಾತ್ರಿ 9:15

ಕಂಕನಾಡಿ ಸರ್, ಹಠಕ್ಕೆ ಬಿದ್ದು ಇವತ್ತು ನಮ್ಮ ಟೀವಿ ರಿಸೆಟ್ ಮಾಡಿದೆ. ಮೊದಲಿನ ಫೋಟೋ, ಆಮೇಲಿನ ಫೋಟೋ ಎರಡೂ ಇಟ್ಟು ನೋಡಿದೆ. `Build` ಸಾಲು ಒಂದಕ್ಷರವೂ ಬದಲಾಗಲಿಲ್ಲ. ಯೂಟ್ಯೂಬ್ ಮಾತ್ರ ಹಳೆಯದಾಗಿದೆ. ಸರಿ, ಒಪ್ಪಿದೆ.

ಆದರೆ ಟೀವಿ ಈಗ ಮೊದಲಿಗಿಂತ ಬೇಗ ಓಡುತ್ತಿದೆ. ನಾನು ಇಷ್ಟು ದಿನ ನಿಧಾನಕ್ಕೆ ಅಪ್‌ಡೇಟೇ ಕಾರಣ ಅಂದುಕೊಂಡಿದ್ದೆ. ಜಾಗ ತುಂಬಿದ್ದಕ್ಕೆ ಹಾಗಾಗಿತ್ತಾ?

ಕಂಕನಾಡಿ_ಬೋರ್ಡ್‌ರಿಪೇರಿ · ರಾತ್ರಿ 9:33

ಆಪ್ ಎಲ್ಲ ವಾಪಸ್ ಹಾಕಿ ಒಂದು ತಿಂಗಳು ನೋಡಿ. ಆಗಲೂ ಬೇಗ ಓಡಿದರೆ ಹಿಂದೆ ಜಾಗದಲ್ಲಿ ತುಂಬಿಕೊಂಡಿದ್ದ ಕಸ ಕಾರಣ ಇರಬಹುದು. ಮತ್ತೆ ನಿಧಾನವಾದರೆ ನಾನೂ ಈಗ ಹೇಳಲಾರೆ. ಹಳೆ ಚಿಪ್ ಸವೆದರೂ ಹಾಗೆಯೇ ಆಗುತ್ತದೆ.

ಮಲ್ಪೆ_ಬಂಗುಡೆ · ರಾತ್ರಿ 10:02

ಬ್ಯಾಕ್‌ಲೈಟ್ ಪಟ್ಟಿ ಹಾಕಿಸಲಿಕ್ಕೆ ಎಷ್ಟಾಗುತ್ತದೆ ಅಂತ ಯಾರೂ ಹೇಳಲಿಲ್ಲ ನೋಡಿ. 40 ಇಂಚು.